ಹುರಿ ಹಾಕಿ ನೋಡಿ, ಕಂಡದ್ದನ್ನಷ್ಟೇ ಕತ್ತರಿಸಿ

ಜಡೆಯ ತುದಿಯನ್ನು ಕಿಟಕಿಯ ಬೆಳಕಿಗೆ ತಂದು, ಹಿಂದೆ ಒಂದು ಬಿಳಿ ಹಾಳೆ ಹಿಡಿದು ನೋಡಿ. ಕೆಲವು ಎಳೆಗಳ ತುದಿ ಎರಡಾಗಿ ಕವಲೊಡೆದಿರುತ್ತದೆ. ಕೆಲವದರಲ್ಲಿ ಕವಲು ಮೂರು ನಾಲ್ಕಾಗಿ ಚದುರಿರುತ್ತದೆ. ಇನ್ನು ಕೆಲವದರಲ್ಲಿ ಕವಲೇ ಇಲ್ಲ, ತುದಿಯಲ್ಲೋ ನಡುವಿನಲ್ಲೋ ಒಂದು ಸಣ್ಣ ಬಿಳಿ ಚುಕ್ಕೆ ಮಾತ್ರ ಇರುತ್ತದೆ. ಈ ಚುಕ್ಕೆಯನ್ನು ಹೇನಿನ ಸೀರೆಂದು ತಿಳಿದು ಗಾಬರಿಯಾಗುವವರುಂಟು. ಸೀರು ಸಾಮಾನ್ಯವಾಗಿ ನೆತ್ತಿಗೆ ಹತ್ತಿರ, ಕೂದಲಿನ ಒಂದು ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಈ ಚುಕ್ಕೆ ಹಾಗಲ್ಲ, ಅದು ಕೂದಲೇ ಜಜ್ಜಿ ಉಬ್ಬಿದ ಜಾಗ. ಅಲ್ಲಿ ಮೆಲ್ಲಗೆ ಬಗ್ಗಿಸಿದರೆ ಕೂದಲು ಅಲ್ಲೇ ತುಂಡಾಗುತ್ತದೆ.

ಇವನ್ನೆಲ್ಲ ಸೇರಿಸಿ ನಾವು ‘ಸ್ಪ್ಲಿಟ್ ಎಂಡ್ಸ್’ ಅಥವಾ ಸೀಳುತುದಿ ಎನ್ನುತ್ತೇವೆ. ಪಾರ್ಲರಿಗೆ ಹೋಗಿ ತುದಿ ಸ್ವಲ್ಪ ಸವರಿಕೊಡಿ ಎಂದರೆ ಎರಡು ಮೂರು ಇಂಚು ನೆಲಕ್ಕೆ ಬೀಳುತ್ತದೆ ಎಂಬುದು ಉದ್ದ ಜಡೆಯವರ ಹಳೆಯ ದೂರು. ಹಾಗಾಗಿ ಮನೆಯಲ್ಲೇ ಕೂದಲನ್ನು ಹುರಿ ಹಾಕಿ, ಹೊರಗೆ ಚಾಚಿದ ತುದಿಗಳನ್ನು ಕತ್ತರಿಸುವ ವಿಧಾನ ಈಗ ಅನೇಕರಿಗೆ ಪರಿಚಿತ. ಉದ್ದ ಕಳೆಯದೆ ಕೆಟ್ಟದ್ದನ್ನು ಮಾತ್ರ ತೆಗೆಯಬಹುದು ಎಂಬುದು ಇದರ ಆಕರ್ಷಣೆ. ಆದರೆ ಇದನ್ನು ಮಾಡುವ ಹೆಚ್ಚಿನವರು ಒಂದು ಕಡೆ ಎಡವುತ್ತಾರೆ. ಹುರಿ ಹಾಕಿದಾಗ ಹೊರಬಂದದ್ದೆಲ್ಲ ಸೀಳಿದ ಕೂದಲೇ ಎಂದು ನಂಬಿ ಕತ್ತರಿ ಆಡಿಸಿಬಿಡುತ್ತಾರೆ. ಹುರಿಯ ಕೆಲಸ ತುದಿಗಳನ್ನು ಕಣ್ಣೆದುರಿಗೆ ತರುವುದು, ಅಷ್ಟೇ. ಯಾವುದನ್ನು ಕತ್ತರಿಸಬೇಕೆಂದು ತೀರ್ಮಾನಿಸಬೇಕಾದವರು ನೀವು.

ಮೊದಲು ಸೀಳುವುದೇಕೆ ಎಂಬುದನ್ನು ನೋಡೋಣ. ಒಂದು ಕೂದಲಿನ ಒಳಗೆ ಉದ್ದಕ್ಕೆ ಹರಿದ ನಾರುಗಳ ತಿರುಳು ಇದೆ. ಅದರ ಮೇಲೆ, ಮಾಡಿಗೆ ಮಂಗಳೂರು ಹೆಂಚು ಹೊದಿಸಿದ ಹಾಗೆ, ಒಂದರ ಮೇಲೊಂದು ಒರಗಿದ ತೆಳು ಹಲ್ಲೆಗಳ ಹಲವು ಪದರಗಳಿವೆ. ಹಲ್ಲೆಗಳ ಅಂಚೆಲ್ಲ ತುದಿಯ ಕಡೆಗೆ ಮುಖಮಾಡಿರುತ್ತವೆ. ಅದಕ್ಕೇ ಬುಡದಿಂದ ತುದಿಗೆ ಬೆರಳಾಡಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಆಡಿಸಿದರೆ ಒರಟು. ಬಾಚಣಿಗೆ, ಟವೆಲ್, ದಿಂಬು, ಸೀರೆಯ ಸೆರಗು, ಬ್ಯಾಗಿನ ಪಟ್ಟಿ ಇವೆಲ್ಲ ಉಜ್ಜಿ ಉಜ್ಜಿ ಈ ಹಲ್ಲೆಗಳನ್ನು ಸವೆಸುತ್ತವೆ. ಹೊದಿಕೆ ಪೂರ್ತಿ ಹೋದ ಕಡೆ ಒಳಗಿನ ನಾರು ಬಯಲಿಗೆ ಬೀಳುತ್ತದೆ ಮತ್ತು ಉದ್ದಕ್ಕೆ ಬಿರಿಯತೊಡಗುತ್ತದೆ.

ತುದಿಯೇ ಮೊದಲು ಹಾಳಾಗುವುದಕ್ಕೆ ಕಾರಣ ಅದರ ವಯಸ್ಸು. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 75 ಸೆಂಟಿಮೀಟರ್ ಉದ್ದದ, ಅಂದರೆ ಸುಮಾರಾಗಿ ಸೊಂಟ ಮುಟ್ಟುವ ಕೂದಲಿನ ತುದಿ ಹುಟ್ಟಿ ಆರು ವರ್ಷ ಕಳೆದಿರುತ್ತದೆ. ವಾರಕ್ಕೆ ಎರಡು ಸಲ ತಲೆಸ್ನಾನ ಮಾಡುವವರಾದರೆ ಆ ತುದಿ ಆರುನೂರಕ್ಕೂ ಹೆಚ್ಚು ಸ್ನಾನಗಳನ್ನು ಕಂಡಿದೆ. ಇಷ್ಟಾದರೂ ಅದು ಉಳಿದಿರುವುದೇ ಹೆಚ್ಚು!

ಒಮ್ಮೆ ಸೀಳಿದ ತುದಿ ಮತ್ತೆ ಕೂಡಿಕೊಳ್ಳುವುದಿಲ್ಲ. ನೆತ್ತಿಯ ಚರ್ಮದಿಂದ ಹೊರಬಂದ ಕೂದಲಿನಲ್ಲಿ ಜೀವಕೋಶದ ಚಟುವಟಿಕೆಯಿಲ್ಲ, ಆದ್ದರಿಂದ ಗಾಯ ಮಾಗುವ ಹಾಗೆ ಅದು ಮಾಗಲಾರದು. ಅಂಗಡಿಯ ಸೀರಮ್ಮುಗಳು ಕವಲುಗಳನ್ನು ಮುಂದಿನ ತಲೆಸ್ನಾನದವರೆಗೆ ಅಂಟಿಸಿಡುತ್ತವೆ. ಮದುವೆಮನೆಗೆ ಹೋಗುವ ದಿನಕ್ಕೆ ಅಷ್ಟು ಸಾಕು. ಆದರೆ ಸೀಳನ್ನು ಹಾಗೆಯೇ ಬಿಟ್ಟರೆ ಬಾಚಿದಾಗಲೆಲ್ಲ ಅದು ಸಿಕ್ಕಿಗೆ ಸಿಲುಕಿ ಇನ್ನಷ್ಟು ಮೇಲೆ ಹರಿಯುತ್ತದೆ. ಅರ್ಧ ಸೆಂಟಿಮೀಟರ್ ಕತ್ತರಿಸಿದ್ದರೆ ಮುಗಿಯುತ್ತಿದ್ದ ಕಡೆ ಮುಂದೆ ಮೂರು ಸೆಂಟಿಮೀಟರ್ ಕತ್ತರಿಸಬೇಕಾಗಬಹುದು.

ಹಾಗೆಂದು ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಬೆಳವಣಿಗೆ ನಡೆಯುವುದು ಚರ್ಮದ ಒಳಗಿನ ಬುಡದಲ್ಲಿ. ಮುಕ್ಕಾಲು ಮೀಟರ್ ಕೆಳಗೆ ಕತ್ತರಿ ಆಡಿದ್ದು ಬುಡಕ್ಕೆ ತಿಳಿಯುವ ದಾರಿಯೇ ಇಲ್ಲ. ಬೋಳಿಸಿದರೆ ಕೂದಲು ದಟ್ಟವಾಗುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಪರೀಕ್ಷೆ ಮಾಡಿ ಅಲ್ಲಗಳೆದಿದ್ದರು. ತುದಿ ಕತ್ತರಿಸುವುದರಿಂದ ಆಗುವ ಲಾಭ ಬೇರೆ. ಬೆಳೆದದ್ದು ಮುರಿದು ಹೋಗದೆ ಉಳಿಯುತ್ತದೆ.

ಈಗ ಕತ್ತರಿಯ ವಿಷಯ. ಇಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ, ಮಕ್ಕಳ ಕ್ರಾಫ್ಟ್ ಕತ್ತರಿ, ಉಗುರಿನ ಬಾಗಿದ ಕತ್ತರಿ ಇವು ಯಾವುವೂ ಬೇಡ. ಮೊಂಡು ಅಲಗು ಕೂದಲನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ತುದಿಯಲ್ಲಿ ಹೊದಿಕೆ ಒಡೆದು ನಾರು ಚದುರಿರುತ್ತದೆ, ಅಂದರೆ ಹೊಸ ಸೀಳಿಗೆ ನಾವೇ ಬೀಜ ಬಿತ್ತಿದ ಹಾಗಾಯಿತು. ಕಷ್ಟಪಟ್ಟು ಒಂದು ಗಂಟೆ ಕೂತು ಮಾಡಿದ ಕೆಲಸ ಕೆಲವೇ ವಾರಗಳಲ್ಲಿ ವ್ಯರ್ಥವಾಯಿತೆಂದು ದೂರುವವರು ಮೊದಲು ಅನುಮಾನಿಸಬೇಕಾದದ್ದು ತಮ್ಮ ಕತ್ತರಿಯನ್ನು.

ಕ್ಷೌರದ ಸಾಮಾನು ಮಾರುವ ಅಂಗಡಿಯಲ್ಲಿ ಐದು, ಐದೂವರೆ ಇಂಚಿನ ಕೂದಲು ಕತ್ತರಿ ಸಿಗುತ್ತದೆ. ಅಲಗು ನೇರವಾಗಿರಲಿ, ತುದಿ ಚೂಪಾಗಿರಲಿ. ಒಂದೊಂದೇ ಎಳೆ ಹಿಡಿದು ಕತ್ತರಿಸುವ ಕೆಲಸವಾದ್ದರಿಂದ ಉದ್ದ ಅಲಗು ಇಲ್ಲಿ ಅಡ್ಡಿಯೇ. ಅಲಗಿನಲ್ಲಿ ಹಲ್ಲುಗಳಿರುವ, ಕೂದಲನ್ನು ತೆಳುವಾಗಿಸುವ ಕತ್ತರಿ ತರಬೇಡಿ.

ಹರಿತ ನೋಡಲು ಬಾಚಣಿಗೆಗೆ ಬಂದ ಉದುರಿದ ಕೂದಲೇ ಸಾಕು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ, ಪರೀಕ್ಷೆಗೆ ಬರವಿಲ್ಲ. ಒಂದು ಕೂದಲನ್ನು ಯಾರಾದರೂ ಎರಡೂ ಕಡೆ ಹಿಡಿದಿರಲಿ, ಜಗ್ಗಬಾರದು. ಕತ್ತರಿಯ ತುದಿಯಿಂದ ನಿಧಾನವಾಗಿ ಕಚ್ಚಿ. ಹರಿತ ಅಲಗಾದರೆ ಮುಟ್ಟಿದ ಜಾಗದಲ್ಲೇ ಕೂದಲು ತುಂಡಾಗುತ್ತದೆ. ಮೊಂಡಾದರೆ ಕೂದಲು ಅಲಗಿನ ಮೇಲೆ ಮುಂದಕ್ಕೆ ಜಾರುತ್ತದೆ, ಇಲ್ಲವೇ ಎರಡು ಅಲಗುಗಳ ನಡುವೆ ಮಡಿಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಒದ್ದೆ ಮಾಡಿದ ಟಿಶ್ಯೂ ಕಾಗದವನ್ನು ಕತ್ತರಿಸಿ ನೋಡುವುದು ಇನ್ನೊಂದು ದಾರಿ. ಅಂಚು ನೇರವಾಗಿ ಬಂದರೆ ಸರಿ, ಹರಿದು ಪಿಸಿದರೆ ಆ ಕತ್ತರಿ ಕೂದಲಿಗೆ ಆಗದು.

ಬೀದಿಯಲ್ಲಿ ಚಾಕು ಕತ್ತರಿ ಸಾಣೆ ಹಿಡಿಯುವವರ ಕೈಗೆ ಇದನ್ನು ಕೊಡಬೇಡಿ. ಈಳಿಗೆಮಣೆಗೆ ಆ ಚಕ್ರ ಒಳ್ಳೆಯದು, ಕೂದಲು ಕತ್ತರಿಯ ನಯವಾದ ಅಲಗಿಗೆ ಅದು ತೀರಾ ಒರಟು. ನಿಮ್ಮ ಊರಿನ ಕ್ಷೌರದಂಗಡಿಯವರನ್ನು ಕೇಳಿದರೆ ಅವರು ತಮ್ಮ ಕತ್ತರಿಗಳನ್ನು ಎಲ್ಲಿ ಕೊಡುತ್ತಾರೆಂದು ಹೇಳುತ್ತಾರೆ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವುದು, ಆಗಾಗ ತಿರುಪಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡುವುದು, ಮತ್ತು ಮನೆಯವರ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟ. ಒಂದು ಸಲ ಕೊರಿಯರ್ ಪೊಟ್ಟಣದ ಟೇಪು ಕತ್ತರಿಸಿದರೆ ಸಾಕು, ಹರಿತ ಮಂಕಾಗುತ್ತದೆ.

ಕೂರುವ ದಿನ ಕೂದಲು ತೊಳೆದು, ಪೂರ್ತಿ ಒಣಗಿ, ಸಿಕ್ಕು ಬಿಡಿಸಿದ್ದಾಗಿರಬೇಕು. ಎಣ್ಣೆ ಇರಬಾರದು. ಎಣ್ಣೆ ಹಚ್ಚಿದಾಗ ಸೀಳಿದ ಕವಲುಗಳು ಅಂಟಿಕೊಂಡು ಒಂದೇ ಎಳೆಯಂತೆ ಕಾಣುತ್ತವೆ, ಹುರಿ ಹಾಕಿದರೂ ಹೊರಗೆ ಚಾಚುವುದಿಲ್ಲ. ಒದ್ದೆ ಕೂದಲಿನದೂ ಅದೇ ಕಥೆ, ಸಾಲದ್ದಕ್ಕೆ ಒದ್ದೆಯಿದ್ದಾಗ ಕೂದಲು ಹೆಚ್ಚು ಹಿಗ್ಗುತ್ತದೆ, ಅಳತೆ ತಪ್ಪುತ್ತದೆ. ಬೆಳಕು ಹಗಲಿನದೇ ಆಗಲಿ. ದೀಪ ಹಚ್ಚಿದ ಮೇಲೆ ತಲೆಗೆ ಬಾಚಣಿಗೆ ಮುಟ್ಟಿಸಬಾರದೆಂದು ಮನೆಯ ಹಿರಿಯರು ಗದರುವುದುಂಟಲ್ಲ, ಅವರ ಕಾರಣ ಏನೇ ಇರಲಿ, ಈ ಕೆಲಸದ ಮಟ್ಟಿಗೆ ಆ ಮಾತು ಸರಿ. ಟ್ಯೂಬ್‌ಲೈಟಿನಲ್ಲಿ ಕವಲು ಕಾಣುವುದಿಲ್ಲ.

ಬೈತಲೆ ತೆಗೆದು ಕೂದಲನ್ನು ಎಡ ಬಲವಾಗಿ ಭಾಗ ಮಾಡಿ, ಮತ್ತೆ ಕಿವಿಯಿಂದ ಕಿವಿಗೆ ಅಡ್ಡ ಗೆರೆ ತೆಗೆದು ಒಟ್ಟು ನಾಲ್ಕು ಭಾಗ ಮಾಡಿಕೊಳ್ಳಿ. ಮೂರನ್ನು ಕ್ಲಿಪ್ ಹಾಕಿ ಬದಿಗಿಡಿ. ಉಳಿದ ಭಾಗದಿಂದ ಕಿರುಬೆರಳಿಗಿಂತ ದಪ್ಪವಿಲ್ಲದ ಒಂದು ಕುಚ್ಚು ತೆಗೆದುಕೊಂಡು ಎದೆಯ ಮುಂದೆ ತಂದು, ಬುಡಕ್ಕಿಂತ ಒಂದು ಗೇಣು ಕೆಳಗಿನಿಂದ ತುದಿಯವರೆಗೆ ಒಂದೇ ದಿಕ್ಕಿಗೆ ಹುರಿ ಹಾಕಿ. ನೆತ್ತಿಯಲ್ಲಿ ಎಳೆತ ಕಾಣಬಾರದು, ಆದರೆ ಕುಚ್ಚು ಸಡಿಲವಾಗಿಯೂ ಇರಬಾರದು. ಬಿಗಿಯಾದ ಹುರಿಯಲ್ಲಿ ಉದ್ದ ಎಳೆಗಳೆಲ್ಲ ಒಳಗೆ ಸುತ್ತಿಕೊಂಡು, ಮಧ್ಯದಲ್ಲಿ ಮುಗಿಯುವ ಎಳೆಗಳ ತುದಿ ಹೊರಗೆ ಚಾಚುತ್ತದೆ. ಬೆರಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಹಗುರವಾಗಿ ಸವರಿದರೆ ಇನ್ನಷ್ಟು ತುದಿಗಳು ಎದ್ದು ನಿಲ್ಲುತ್ತವೆ.

ಇಲ್ಲಿ ಕೈ ತಡೆಯಬೇಕು. ಎದ್ದು ನಿಂತವುಗಳಲ್ಲಿ ಮೂರು ಬಗೆಯಿರುತ್ತವೆ. ಮೊದಲನೆಯದು ಸೀಳಿದ ಅಥವಾ ಬಿಳಿ ಚುಕ್ಕೆಯಿರುವ ತುದಿ. ನಾವು ಹುಡುಕುತ್ತಿರುವುದು ಇದನ್ನೇ. ಎರಡನೆಯದು ಹೊಸದಾಗಿ ಹುಟ್ಟಿ ಬೆಳೆಯುತ್ತಿರುವ ಕೂದಲು. ಅದರ ತುದಿ ಮೆಲ್ಲಮೆಲ್ಲಗೆ ಸಪೂರವಾಗಿ ಎಳೆ ಮಗುವಿನ ಕೂದಲಿನ ತುದಿಯ ಹಾಗೆ ಮುಗಿಯುತ್ತದೆ, ಬೆಳಕಿಗೆ ಹಿಡಿದರೆ ಬಣ್ಣವೂ ತುಸು ತಿಳಿ. ಕತ್ತರಿಯನ್ನು ಇನ್ನೂ ಕಾಣದ ತುದಿ ಅದು. ಹೆರಿಗೆಯ ನಂತರ ಕೂದಲು ಉದುರಿ ಮತ್ತೆ ಬರುತ್ತಿರುವವರ ಹುರಿಯಲ್ಲಿ ಇಂಥವು ರಾಶಿ ರಾಶಿ ಎದ್ದು ನಿಲ್ಲುತ್ತವೆ. ಸೀಳೆಂದು ತಿಳಿದು ಕತ್ತರಿಸಿದರೆ ತಿಂಗಳುಗಟ್ಟಲೆ ಬೆಳೆದದ್ದು ಹೋಯಿತು. ಮೂರನೆಯದು ಹಿಂದೊಮ್ಮೆ ಕತ್ತರಿಸಿದ, ಮೊಂಡಾಗಿ ಮುಗಿಯುವ, ಆದರೆ ಸೀಳದ ತುದಿ. ಲೇಯರ್ ಕಟ್ ಮಾಡಿಸಿಕೊಂಡವರಲ್ಲಿ ಇದೇ ಹೆಚ್ಚು. ಇದನ್ನೂ ಬಿಟ್ಟುಬಿಡಿ.

ಮೊದಲ ಬಗೆಯದನ್ನು ಎರಡು ಬೆರಳಲ್ಲಿ ಹಿಡಿದು, ಸೀಳು ಎಲ್ಲಿ ಶುರುವಾಗಿದೆಯೋ ಅಲ್ಲಿಂದ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿ. ಅಷ್ಟು ಮೇಲೆ ಏಕೆಂದರೆ ಕಣ್ಣಿಗೆ ಕಾಣುವ ಕವಲಿಗಿಂತ ಬಿರುಕು ಒಳಗೊಳಗೆ ಇನ್ನೂ ಸ್ವಲ್ಪ ಹರಿದಿರುತ್ತದೆ. ಕವಲಿನ ತುದಿಗಳನ್ನಷ್ಟೇ ತೆಗೆದರೆ ಬಿರುಕು ಕೂದಲಿನಲ್ಲೇ ಉಳಿಯುತ್ತದೆ. ಕತ್ತರಿ ಆ ಎಳೆಗೆ ಅಡ್ಡವಾಗಿ, ನೇರವಾಗಿರಲಿ. ಓರೆಯಾಗಿ ಕತ್ತರಿಸಿದರೆ ತುದಿ ಚೂಪಾಗಿ, ಒಳಗಿನ ನಾರು ಹೆಚ್ಚು ತೆರೆದುಕೊಂಡು ಬೇಗ ಸವೆಯುತ್ತದೆ. ವಿಡಿಯೊಗಳಲ್ಲಿ ಕಾಣುವಂತೆ ಹುರಿಯ ಮೈಯುದ್ದಕ್ಕೂ ಕತ್ತರಿಯನ್ನು ಕಚಕಚ ಎಂದು ಓಡಿಸುವುದು ನೋಡಲು ಚೆಂದ. ಹಾಗೆ ಓಡಿಸಿದಾಗ ಅಲಗು ಎಷ್ಟೋ ಎಳೆಗಳನ್ನು ಓರೆಯಾಗಿ ಕಡಿಯುತ್ತದೆ, ಕೆಲವನ್ನು ಬರಿದೆ ಕೆರೆದು ಹಲ್ಲೆ ಎಬ್ಬಿಸಿಬಿಡುತ್ತದೆ. ಮುಂದಿನ ಬೆಳೆಗೆ ಅದೇ ಗೊಬ್ಬರ. ಹುರಿ ಸಡಿಲಿಸಿ, ಅದೇ ಕುಚ್ಚನ್ನು ಎದುರು ದಿಕ್ಕಿಗೆ ಹೊಸೆದು ಇನ್ನೊಮ್ಮೆ ನೋಡಿ. ಮೊದಲ ಸಲ ಒಳಗೆ ಅಡಗಿದ್ದ ಕೆಲವು ಈಗ ಹೊರಬರುತ್ತವೆ. ಕೊನೆಗೆ ಕುಚ್ಚಿನ ಕೆಳತುದಿಯನ್ನು ಬೆರಳಿಗೆ ಅಡ್ಡವಾಗಿ ಹರಡಿ ನೋಡಿ, ಏಕೆಂದರೆ ಹುರಿಯಲ್ಲಿ ಕಾಣುವುದು ನಡುವೆ ಮುಗಿದ ಕೂದಲು ಮಾತ್ರ, ಕಟ್ಟಕಡೆಯ ತುದಿಗಳ ಸೀಳನ್ನು ಅದು ತೋರಿಸುವುದಿಲ್ಲ.

ಗುಂಗುರು ಕೂದಲಿನವರಿಗೆ ಒಂದು ಮಾತು. ಸುರುಳಿಯ ಕಾರಣಕ್ಕೇ ನಿಮ್ಮ ಹುರಿಯಿಂದ ನೂರಾರು ಎಳೆ ಹೊರಗೆ ಬಾಗಿರುತ್ತವೆ. ಹುರಿ ನಂಬಬೇಡಿ. ಸುರುಳಿಯೊಂದನ್ನು ಹಿಡಿದು, ತುದಿಯನ್ನು ಬೆರಳ ಮೇಲೆ ಹರಡಿ, ಕಣ್ಣಾರೆ ಕಂಡದ್ದನ್ನು ಮಾತ್ರ ತೆಗೆಯಿರಿ. ಇನ್ನು ಹುರಿ ಹಾಕಿದ ಕೂದಲಿಗೆ ಮೊಂಬತ್ತಿಯ ಜ್ವಾಲೆ ಸೋಕಿಸಿ ಸೀಳು ಸುಡುವ ಒಂದು ಪದ್ಧತಿ ಬ್ರೆಜಿಲಿನಿಂದ ಹೆಸರಾಗಿದೆ. ಶಾಖ ಕೂದಲಿನ ಪ್ರೋಟೀನನ್ನೇ ಕೆಡಿಸುತ್ತದೆ, ಸುಟ್ಟ ತುದಿ ಗಂಟುಗಟ್ಟಿ ಪೆಡಸಾಗುತ್ತದೆ. ಅದರ ಗೋಜು ಬೇಡವೇ ಬೇಡ.

ಎಷ್ಟು ದಿನಕ್ಕೊಮ್ಮೆ? ಆರು ವಾರ, ಎಂಟು ವಾರ ಎಂದು ಎಲ್ಲೆಡೆ ಬರೆದಿರುತ್ತಾರೆ. ಯಾರ ಕೂದಲಿಗೆ ಎಂದು ಹೇಳುವುದಿಲ್ಲ. ಒಂದು ಉದಾಹರಣೆಯಿಂದ ನೋಡೋಣ. ಸೊಂಟದುದ್ದ ಜಡೆಯ, ಬಣ್ಣ ಹಾಕದ, ಸ್ಟ್ರೈಟ್ನಿಂಗ್ ಮಾಡಿಸದ ಒಬ್ಬ ಶಾಲಾ ಶಿಕ್ಷಕಿ ಎಂದಿಟ್ಟುಕೊಳ್ಳಿ. ಕೂದಲಿನ ಉದ್ದ 75 ಸೆಂಟಿಮೀಟರ್. ಭಾನುವಾರ ತಲೆಗೆ ನೀರು ಹಾಕಿಕೊಂಡು, ತೆಳು ಟವೆಲಿನಿಂದ ಪಟಪಟನೆ ಬಡಿದು ಒಣಗಿಸುತ್ತಾರೆ. ವಾರದ ನಡುವೆ ಇನ್ನೊಮ್ಮೆ ಸ್ನಾನ ಮಾಡಿ, ಶಾಲೆಯ ಬಸ್ಸಿಗೆ ಹೊತ್ತಾಯಿತೆಂದು ಒದ್ದೆ ಕೂದಲನ್ನೇ ಬಾಚಿ ಜಡೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ.

ಅವರು ಮೊದಲು ಮಾಡಬೇಕಾದದ್ದು ಎಣಿಕೆ. ಹಿಂದಿನ ಭಾಗದಿಂದ ಸುಮಾರು 50 ಕೂದಲಿನ ಸಣ್ಣ ಚಿಟಿಕೆ ತೆಗೆದು ಬಿಳಿ ಹಾಳೆಯ ಮೇಲೆ ತುದಿ ಹರಡಿ ಎಣಿಸಲಿ. ಐದಾರು ಸೀಳಿದ್ದರೆ ಹುರಿ ವಿಧಾನ ಸಾಕು. ಹದಿನೈದು ಇಪ್ಪತ್ತು ಸೀಳಿದ್ದರೆ ಒಂದೊಂದನ್ನೇ ಹುಡುಕುವುದು ವ್ಯರ್ಥ ದುಡಿಮೆ, ಕೆಳಗಿನಿಂದ ನೇರವಾಗಿ ಮೂರು ನಾಲ್ಕು ಸೆಂಟಿಮೀಟರ್ ತೆಗೆಸಿ ಆಮೇಲೆ ಹುರಿಗೆ ಬರುವುದು ಲೇಸು. ಇದು ಪುಸ್ತಕದ ನಿಯಮವಲ್ಲ, ನನ್ನ ಅಂದಾಜು. ಶಿಕ್ಷಕಿಗೆ 50ರಲ್ಲಿ 5 ಸಿಕ್ಕಿತೆನ್ನಿ.

ಮೊದಲ ಸಲ ನಾಲ್ಕೂ ಭಾಗ ಸೇರಿ ನಲವತ್ತು ಐವತ್ತು ಹುರಿಗಳಾಗುತ್ತವೆ. ಒಂದಕ್ಕೆ ಎರಡು ನಿಮಿಷವೆಂದರೂ ಒಂದೂವರೆ ಗಂಟೆ. ಒಂದೇ ಸಲಕ್ಕೆ ಮಾಡಿದರೆ ಕತ್ತು ಸೋತು, ಕಣ್ಣು ಸೋತು, ಕೊನೆಯ ಭಾಗದಲ್ಲಿ ಸಿಕ್ಕಿದ್ದೆಲ್ಲ ಕತ್ತರಿಸುವ ಮನಸ್ಸಾಗುತ್ತದೆ. ಎರಡು ರಜಾದಿನಗಳಿಗೆ ಹಂಚಿಕೊಳ್ಳುವುದು ಒಳ್ಳೆಯದು. ಹಿಂಭಾಗದ ಕುಚ್ಚುಗಳು ಭುಜದ ಮೇಲಿನಿಂದ ಮುಂದೆ ಬರುವಷ್ಟು ಉದ್ದವಿರುವುದು ಅವರ ಅದೃಷ್ಟ. ಭುಜ ಮುಟ್ಟದ ಕೂದಲಿನವರು ಈ ಕೆಲಸವನ್ನು ತಾವೇ ಮಾಡಿಕೊಳ್ಳಲಾರರು, ಅಕ್ಕನನ್ನೋ ಗೆಳತಿಯನ್ನೋ ಹಿಂದೆ ಕೂರಿಸಿಕೊಳ್ಳಬೇಕು.

ಮಾಡುತ್ತಾ ಹೋದಂತೆ ಅವರಿಗೆ ಒಂದು ವಿಷಯ ಗಮನಕ್ಕೆ ಬರುತ್ತದೆ. ತುದಿಯಿಂದ ಒಂದು ಗೇಣು ಮೇಲೆ, ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಬಿಳಿ ಚುಕ್ಕೆಗಳು ಸಾಲಾಗಿವೆ. ಅದು ರಬ್ಬರ್ ಬ್ಯಾಂಡ್ ಬಿಗಿಯುವ ಜಾಗ. ಇವನ್ನೆಲ್ಲ ಚುಕ್ಕೆಯ ಮೇಲೆ ಕತ್ತರಿಸುತ್ತಾ ಹೋದರೆ ಜಡೆಯ ಕೊನೆಯ ಗೇಣು ಇಲಿಬಾಲವಾಗುತ್ತದೆ. ಅಲ್ಲೊಂದು ಇಲ್ಲೊಂದು ಇದ್ದರೆ ತೆಗೆಯಬಹುದು. ಸಾಲಾಗಿದ್ದರೆ ಕತ್ತರಿ ಕೆಳಗಿಟ್ಟು, ರಬ್ಬರ್ ಬ್ಯಾಂಡ್ ಬಿಟ್ಟು ಬಟ್ಟೆಯ ಬ್ಯಾಂಡ್ ಹಿಡಿದು, ಕಟ್ಟುವ ಎತ್ತರವನ್ನೂ ಆಗಾಗ ಬದಲಿಸಬೇಕು. ಹೀಗೆ ಹಾನಿ ಇರುವ ಜಾಗವೇ ಕಾರಣವನ್ನು ಹೇಳಿಬಿಡುತ್ತದೆ. ಬಲಭುಜದ ಎತ್ತರದಲ್ಲಿ ಮಾತ್ರ ಸೀಳಿದ್ದರೆ ಬ್ಯಾಗಿನ ಪಟ್ಟಿಯನ್ನು ನೋಡಿ, ಕಿವಿಯ ಹಿಂದೆ ಇದ್ದರೆ ದಿನಾ ಒಂದೇ ಕಡೆ ಕಚ್ಚುವ ಕ್ಲಿಪ್ಪನ್ನು ನೋಡಿ.

ಈಗ ಲೆಕ್ಕ. ಈ ಶಿಕ್ಷಕಿ ಎರಡು ತಿಂಗಳಿಗೊಮ್ಮೆ ಹುರಿ ಹಾಕಿ, ಪ್ರತಿ ಸಲವೂ 50ರಲ್ಲಿ 5ನ್ನು ಕತ್ತರಿಸುತ್ತಾರೆ ಎಂದುಕೊಳ್ಳೋಣ. ವರ್ಷಕ್ಕೆ ಆರು ಸಲ. ಪ್ರತಿ ಸಲ ಬೇರೆ ಬೇರೆ ಎಳೆಗಳು ಸಿಕ್ಕರೆ ವರ್ಷದ ಕೊನೆಗೆ 50ರಲ್ಲಿ 30 ಎಳೆಗಳು ಒಂದಿಷ್ಟು ಗಿಡ್ಡವಾಗಿರುತ್ತವೆ. ಎಲ್ಲ ಕೂದಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದರಿಂದ, ಒಮ್ಮೆ ಗಿಡ್ಡವಾದದ್ದು ಮುಂದಿನದನ್ನು ಎಂದೂ ಮುಟ್ಟುವುದಿಲ್ಲ. ಅಳತೆಪಟ್ಟಿಯಲ್ಲಿ ಉದ್ದ ಕಳೆದಿಲ್ಲ, ನಿಜ. ಆದರೆ ಕೆಳಗಿನ ಅಂಚು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತದೆ. ಹುರಿ ವಿಧಾನ ಉದ್ದವನ್ನು ಉಳಿಸುವುದು ಪುಕ್ಕಟೆಯಾಗಿ ಅಲ್ಲ, ಬೆಲೆಯನ್ನು ದಟ್ಟಣೆಯಲ್ಲಿ ಕೊಡುತ್ತೇವೆ. ಇದನ್ನು ಹೇಳುವವರು ಕಡಿಮೆ.

ಅದಕ್ಕೆ ಪರಿಹಾರ ಕೆಳಗಿನ ಅಂಚನ್ನು ಆಗೊಮ್ಮೆ ಈಗೊಮ್ಮೆ ನೇರವಾಗಿ ಕತ್ತರಿಸುವುದೇ. ಆರು ತಿಂಗಳಿಗೊಮ್ಮೆ 3 ಸೆಂಟಿಮೀಟರ್ ತೆಗೆದರೆ, ಆ 3 ಸೆಂಟಿಮೀಟರಿನೊಳಗೆ ಗಿಡ್ಡವಾಗಿದ್ದ ಎಳೆಗಳೆಲ್ಲ ಮತ್ತೆ ಅಂಚಿಗೆ ಬಂದು ಸೇರುತ್ತವೆ. ವರ್ಷಕ್ಕೆ ಬೆಳೆದದ್ದು ಸುಮಾರು 12 ಸೆಂಟಿಮೀಟರ್, ಹೋದದ್ದು 6, ಉಳಿದದ್ದು 6. ಸೊಂಟದಿಂದ ಇನ್ನೂ ಕೆಳಗೆ ಬೇಕೆನ್ನುವವರಿಗೆ ಇದು ನಿಧಾನವೆನಿಸಬಹುದು, ಆದರೆ ಜಡೆಯ ಗೊಂಡೆ ತುಂಬಿಕೊಂಡಿರುತ್ತದೆ. ಸೊಂಟದುದ್ದವೇ ಸಾಕು ಎನ್ನುವವರು ನಾಲ್ಕು ತಿಂಗಳಿಗೊಮ್ಮೆ 4 ಸೆಂಟಿಮೀಟರ್ ತೆಗೆದರೆ ಉದ್ದ ಅಲ್ಲೇ ನಿಲ್ಲುತ್ತದೆ, ಹುರಿಗೆ ಕೆಲಸವೂ ಕಡಿಮೆಯಾಗುತ್ತದೆ. ಈ ನೇರ ಕತ್ತರಿಗೆ ಮಾತ್ರ ಇನ್ನೊಬ್ಬರ ಕೈ ಬೇಕು. ನೀವು ತಲೆ ನೇರ ಇಟ್ಟುಕೊಂಡು ನಿಲ್ಲಿ, ಹಿಂದೆ ಸಮವಾಗಿ ಬಾಚಿ, ಬೇಕಾದ್ದಕ್ಕಿಂತ ಕಡಿಮೆಯೇ ಕತ್ತರಿಸಿ, ಮತ್ತೆ ಬಾಚಿ ನೋಡಲಿ.

ಹುರಿಯ ಅವಧಿಯನ್ನು ತೀರ್ಮಾನಿಸುವುದು ಹೀಗೆ. ಮೊದಲ ಸಲ ಪೂರ್ತಿ ಮಾಡಿ ಎರಡು ತಿಂಗಳು ಬಿಟ್ಟು ಮತ್ತೆ ಐವತ್ತು ಕೂದಲು ಎಣಿಸಿ. ಒಂದೋ ಎರಡೋ ಸೀಳು ಸಿಕ್ಕರೆ ಇನ್ನೊಂದು ತಿಂಗಳು ಕಾಯಬಹುದು, ಮೂರು ತಿಂಗಳಿಗೊಮ್ಮೆ ಸಾಕು. ಮತ್ತೆ ಐದೇ ಸಿಕ್ಕರೆ ಎರಡು ತಿಂಗಳ ಅವಧಿ ಇರಲಿ, ಆದರೆ ಸೀಳು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಹತ್ತು ಸಿಕ್ಕರೆ ಕತ್ತರಿ ಮೊಂಡಾಗಿರಬೇಕು, ಇಲ್ಲವೇ ಶಾಖ, ಬ್ಲೀಚು ಇತ್ಯಾದಿ ಕಾರಣವಿರಬೇಕು. ಬ್ಲೀಚ್ ಮಾಡಿಸಿದ ಕೂದಲಿನಲ್ಲಿ ಹಲ್ಲೆಗಳನ್ನು ಕಾಪಾಡುವ ಎಣ್ಣೆಯಂಥ ಪದರ ಆಗಲೇ ಹೋಗಿರುತ್ತದೆ. ಅಂಥವರು ಒಂದೂವರೆ ತಿಂಗಳಿಗೊಮ್ಮೆ ನೋಡಿಕೊಳ್ಳಬೇಕಾದೀತು. ವಾರವಾರವೂ ಟಿವಿ ಮುಂದೆ ಕೂತು ಜಡೆ ಹಿಡಿದು ಹುಡುಕುವ ಅಭ್ಯಾಸ ಮಾತ್ರ ಬೇಡ. ಅಷ್ಟು ಬೇಗ ಹೊಸ ಸೀಳು ಹೆಚ್ಚು ಹುಟ್ಟಿರುವುದಿಲ್ಲ, ಹುಡುಕುವ ಕೈ ಸುಮ್ಮನಿರದೆ ಒಳ್ಳೆಯದನ್ನೂ ಕಡಿಯುತ್ತದೆ. ಕವಲನ್ನು ಉಗುರಿನಿಂದ ಎಳೆದು ಸೀಳುವವರೂ ಇದ್ದಾರೆ, ಹಾಗೆ ಎಳೆದಾಗ ಬಿರುಕು ಬುಡದ ಕಡೆಗೇ ಓಡುತ್ತದೆ.

ನಮ್ಮ ಶಿಕ್ಷಕಿಗೆ ಅವಧಿ ಹೆಚ್ಚಿಸುವ ದಾರಿಗಳಿವೆ. ಒದ್ದೆ ಕೂದಲನ್ನು ಟವೆಲಿನಿಂದ ಬಡಿಯುವ ಬದಲು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ವಾರದ ನಡುವಿನ ಸ್ನಾನವನ್ನು ಬೆಳಗ್ಗೆಯ ಬದಲು ಸಂಜೆಗೆ ಮಾಡಿಕೊಂಡರೆ ಒಣಗಿದ ಮೇಲೆ ಬಾಚಲು ಹೊತ್ತು ಸಿಗುತ್ತದೆ. ಬಾಚುವಾಗ ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಶುರುಮಾಡಿ ಮೇಲೆ ಹೋಗಬೇಕು, ಮೇಲಿನಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಜಮಾಯಿಸಿ ದುರ್ಬಲ ತುದಿಯಲ್ಲೇ ಮುರಿಯುತ್ತದೆ. ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ರೂಢಿಗೂ ಬಲವಾದ ಆಧಾರವಿದೆ. ಮುಂಬಯಿಯ ತಲೆಎಣ್ಣೆ ಕಂಪನಿಯೊಂದರ ಸಂಶೋಧಕರಾದ ರೇಲೆ ಮತ್ತು ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖನಿಜ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಗಳಿಂದ ಆಗದ ಕೆಲಸ ಕೊಬ್ಬರಿ ಎಣ್ಣೆಯಿಂದ ಆಯಿತು, ಕೂದಲಿನಿಂದ ಪ್ರೋಟೀನ್ ನಷ್ಟ ಕಡಿಮೆಯಾಯಿತು. ಮಾರುವವರೇ ಮಾಡಿದ ಪರೀಕ್ಷೆ ಎಂಬುದು ನೆನಪಿರಲಿ, ಆದರೂ ಎಣ್ಣೆ ಕೂದಲಿನ ಒಳಗೆ ಇಳಿಯುತ್ತದೆ ಎಂಬ ಅವರ ವಿವರಣೆ ಒಪ್ಪುವಂಥದ್ದೇ. ನೆತ್ತಿಗೆ ತಟ್ಟಿಕೊಂಡು ಮುಗಿಸುವವರು ಉಳಿದ ಎಣ್ಣೆಯನ್ನು ತುದಿಗೆ ಸವರುವುದನ್ನು ಮರೆಯಬಾರದು, ಹೆಚ್ಚು ಬೇಕಾದದ್ದು ಅದಕ್ಕೇ.

ಈ ಎಲ್ಲ ಮಾತು ತುದಿ ಸೀಳಿದವರಿಗೆ. ನೆತ್ತಿಯಿಂದ ಎರಡು ಮೂರು ಇಂಚಿನಲ್ಲೇ ಕೂದಲು ತುಂಡು ತುಂಡಾಗಿ ಮುರಿಯುತ್ತಿದ್ದರೆ, ಶಾಖ ಬ್ಲೀಚುಗಳ ಕಾರಣವಿಲ್ಲದೆಯೇ ತಲೆತುಂಬ ಬಿಳಿ ಚುಕ್ಕೆಗಳಿದ್ದರೆ, ಅಥವಾ ಮುರಿಯುವುದರ ಜೊತೆಗೆ ಬೈತಲೆ ಅಗಲವಾಗುತ್ತಿದ್ದರೆ ಅದು ಕತ್ತರಿಯ ಕೆಲಸವಲ್ಲ. ಥೈರಾಯ್ಡ್, ಕಬ್ಬಿಣಾಂಶದ ಕೊರತೆ, ನೆತ್ತಿಯ ಸೋಂಕು ಇಂಥವನ್ನು ನೋಡಬೇಕಾಗುತ್ತದೆ. ಮುರಿದ ಕೆಲವು ತುಂಡುಗಳನ್ನು ಕಾಗದದಲ್ಲಿ ಮಡಿಸಿ ಚರ್ಮವೈದ್ಯರ ಬಳಿ ಒಯ್ಯಿರಿ, ಸೂಕ್ಷ್ಮದರ್ಶಕದಲ್ಲಿ ತುದಿ ನೋಡಿದರೆ ಉಜ್ಜಿ ಮುರಿದದ್ದೋ ಬೇರೆ ತೊಂದರೆಯೋ ಎಂದು ಅವರಿಗೆ ತಿಳಿಯಲು ಅದು ನೆರವಾಗುತ್ತದೆ.